ಫ್ಯಾನ್ ಕಾಯಿಲ್ ಯೂನಿಟ್ ಬದಲಿಸೋಣ ಎಂದು ಕ್ಲೈಂಟಿಗೆ ಪತ್ರ ಬರೆಯುವುದು ಹೇಗೆ?

ಟೆಂಡರ್‌ನಲ್ಲಿ ಒಂದು ಮೇಕ್‌ನ ಫ್ಯಾನ್ ಕಾಯಿಲ್ ಯೂನಿಟ್, ಅಂದರೆ ತಣ್ಣೀರು ಹರಿಯುವ ಕಾಯಿಲ್ ಮೇಲೆ ಫ್ಯಾನ್‌ನಿಂದ ಗಾಳಿ ಹಾಯಿಸಿ ಕೋಣೆ ತಂಪು ಮಾಡುವ ಪೆಟ್ಟಿಗೆ, ಬರೆದಿದ್ದಾರೆ. ಅದಕ್ಕಿಂತ ಕಡಿಮೆ ಬೆಲೆಗೆ ಸಿಗುವ ಇನ್ನೊಂದು ಮೇಕ್‌ನ ಕೋಟೇಶನ್ ನಿಮ್ಮ ಕೈಲಿದೆ. ಎರಡು ಪ್ಯಾರಾ ಬರೆದು, ಕ್ಯಾಟಲಾಗ್ ಲಗತ್ತಿಸಿ, ಕ್ಲೈಂಟಿಗೆ ಕಳಿಸುತ್ತೀರಿ. ಕ್ಲೈಂಟ್ ಅದನ್ನು ಹವಾನಿಯಂತ್ರಣ, ಕರೆಂಟ್, ಪ್ಲಂಬಿಂಗ್ ನೋಡಿಕೊಳ್ಳುವ ಎಂಇಪಿ ಕನ್ಸಲ್ಟೆಂಟ್ ಹತ್ತಿರ ಕೊಡುತ್ತಾರೆ. ವಾರ ಬಿಟ್ಟು ಒಂದೇ ಸಾಲಿನ ಉತ್ತರ ಬರುತ್ತದೆ: "ಪರ್ಫಾರ್ಮೆನ್ಸ್ ಸಮಾನ ಎಂದು ತೋರಿಸಿಲ್ಲ, ಒಪ್ಪಲಾಗದು."

ಕನ್ಸಲ್ಟೆಂಟ್ ಹೇಳಿದ್ದು ಸರಿಯೇ ಇರುತ್ತದೆ. ಕ್ಯಾಟಲಾಗ್‌ನಲ್ಲಿರುವ ಕಿಲೋವ್ಯಾಟ್ ನಿಮ್ಮ ಕಟ್ಟಡದ ಕಿಲೋವ್ಯಾಟ್ ಅಲ್ಲ. ಈ ಪತ್ರದ ಅರ್ಧಕ್ಕಿಂತ ಜಾಸ್ತಿ ಕೆಲಸ ಆ ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಿ ತೋರಿಸುವುದರಲ್ಲೇ ಇದೆ. ಬರೆಯುವುದು ಆಮೇಲೆ.

ಬೆಂಗಳೂರಿನ ಒಂದು ಆಫೀಸ್ ಕಟ್ಟಡವನ್ನು ಉದಾಹರಣೆಗೆ ಇಟ್ಟುಕೊಂಡು ಹೋಗೋಣ. ಚಿಲ್ಡ್ ವಾಟರ್ ಸಿಸ್ಟಮ್, ಫಾಲ್ಸ್ ಸೀಲಿಂಗ್ ಮೇಲೆ ಡಕ್ಟ್ ಇರುವ 120 ಯೂನಿಟ್‌ಗಳು, ಎಲ್ಲವೂ ಒಂದೇ ಸೈಜ್. ಟೆಂಡರ್‌ನಲ್ಲಿರುವುದು ಆಮದಾಗುವ ಮೇಕ್, ಮೂರು ಸ್ಪೀಡ್‌ನ ಎಸಿ ಮೋಟಾರ್. ನೀವು ಕೊಡಬೇಕೆಂದಿರುವುದು ಇಲ್ಲೇ ತಯಾರಾಗುವ, ವೋಲ್ಟ್ ಸಿಗ್ನಲ್‌ನಿಂದ ವೇಗ ಹೊಂದಿಸಬಹುದಾದ ಇಸಿ ಮೋಟಾರ್ ಇರುವ ಯೂನಿಟ್. ಕೆಳಗಿನ ಬೆಲೆ, ಸಾಮರ್ಥ್ಯದ ಅಂಕಿಗಳನ್ನು ಲೆಕ್ಕ ತೋರಿಸಲು ಇಟ್ಟುಕೊಂಡಿದ್ದೇನೆ. ಅಲ್ಲೆಲ್ಲ ನಿಮ್ಮ ಪ್ರಾಜೆಕ್ಟಿನ ಅಂಕಿ ಹಾಕಿಕೊಳ್ಳಿ.

ಮೊದಲು ಷೆಡ್ಯೂಲ್ ಓದಿ

ಡ್ರಾಯಿಂಗ್ ಸೆಟ್‌ನಲ್ಲಿ ಎಫ್‌ಸಿಯು ಷೆಡ್ಯೂಲ್, ಅಂದರೆ ಫ್ಯಾನ್ ಕಾಯಿಲ್ ಯೂನಿಟ್‌ಗಳ ಪಟ್ಟಿ, ಇರುತ್ತದೆ. ಅದರ ಒಂದು ಸಾಲನ್ನು ಪೂರ್ತಿ ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿದೆ: ಗಾಳಿ ಗಂಟೆಗೆ 1300 ಘನ ಮೀಟರ್, ಡಕ್ಟ್‌ನ ತಡೆ ಅಂದರೆ ಎಕ್ಸ್‌ಟರ್ನಲ್ ಸ್ಟ್ಯಾಟಿಕ್ ಪ್ರೆಷರ್ 30 ಪಾಸ್ಕಲ್, ಒಳಬರುವ ಗಾಳಿ 24 ಡಿಗ್ರಿ ಡ್ರೈ ಬಲ್ಬ್ ಮತ್ತು ತೇವವನ್ನೂ ಲೆಕ್ಕಕ್ಕೆ ಹಿಡಿದರೆ 17 ಡಿಗ್ರಿ ವೆಟ್ ಬಲ್ಬ್, ನೀರು 7 ಡಿಗ್ರಿಗೆ ಒಳಗೆ 12 ಡಿಗ್ರಿಗೆ ಹೊರಗೆ. ಒಟ್ಟು ಸಾಮರ್ಥ್ಯ 4.8 ಕಿಲೋವ್ಯಾಟ್, ಅದರಲ್ಲಿ ಸೆನ್ಸಿಬಲ್, ಅಂದರೆ ತೇವ ತೆಗೆಯುವುದನ್ನು ಬಿಟ್ಟು ಗಾಳಿಯ ತಾಪ ಇಳಿಸುವ ಭಾಗ, 3.9. ಕೋಣೆಯಲ್ಲಿ ಶಬ್ದ ಎನ್‌ಸಿ ಎಂಬ ಅಳತೆಯಲ್ಲಿ 35 ಮೀರಬಾರದು. ಇದೆಲ್ಲ ಮೀಡಿಯಂ ಸ್ಪೀಡ್‌ನಲ್ಲಿ ಸಿಗಬೇಕು.

ಕೊನೆಯ ಮಾತು ಷೆಡ್ಯೂಲ್‌ನ ಕೆಳಗೆ ಸಣ್ಣಕ್ಷರದ ಟಿಪ್ಪಣಿಯಲ್ಲಿ ಇರುವುದೇ ಜಾಸ್ತಿ. ಸಪ್ಲೈಯರ್‌ಗಳು ಅದನ್ನು ನೋಡದೆ ಹೈ ಸ್ಪೀಡ್‌ನಲ್ಲೇ ಆಯ್ಕೆ ಮಾಡಿ ಕೋಟ್ ಕೊಡುತ್ತಾರೆ. ಬೆಲೆ ಕಡಿಮೆ ಕಾಣುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ.

ಕ್ಯಾಟಲಾಗ್ ಅಂಕಿಯನ್ನು ನಿಮ್ಮ ಕಟ್ಟಡಕ್ಕೆ ತನ್ನಿ

ಸಪ್ಲೈಯರ್ ಕೊಟ್ಟ ಮಾಡೆಲ್‌ನ ಕ್ಯಾಟಲಾಗ್ ಸಾಮರ್ಥ್ಯ 8 ಕಿಲೋವ್ಯಾಟ್ ಎಂದಿರಲಿ. ಬೇಕಿರುವುದು 4.8. ಧಾರಾಳವಾಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಆ 8 ಯಾವ ಸ್ಥಿತಿಯಲ್ಲಿ ಬಂತು ಎಂದು ನೋಡಬೇಕು. ಯೂರೋಪಿನ ಯೂರೋವೆಂಟ್ ಪದ್ಧತಿಯಲ್ಲಿ ಒಳಬರುವ ಗಾಳಿ 27 ಡಿಗ್ರಿ ಡ್ರೈ ಬಲ್ಬ್, 19 ಡಿಗ್ರಿ ವೆಟ್ ಬಲ್ಬ್, ನೀರು 7ರಿಂದ 12. ಅಮೆರಿಕದ ಎಎಚ್‌ಆರ್‌ಐ 440 ಮಾನದಂಡದಲ್ಲಿ ಗಾಳಿ 26.7 ಮತ್ತು 19.4, ನೀರು 7.2 ಡಿಗ್ರಿಗೆ ಒಳಬಂದು 5.6 ಡಿಗ್ರಿ ಏರುತ್ತದೆ. ಒಂದು ಮೇಕ್ ಈ ಪದ್ಧತಿ, ಇನ್ನೊಂದು ಆ ಪದ್ಧತಿ ಹಿಡಿದಿದ್ದರೆ ಎರಡು ಕ್ಯಾಟಲಾಗನ್ನು ಪಕ್ಕಪಕ್ಕ ಇಟ್ಟು ಹೋಲಿಸಲೂ ಆಗುವುದಿಲ್ಲ.

ನಮ್ಮ ಕೋಣೆಯ ಗಾಳಿ 24 ಮತ್ತು 17. ವೆಟ್ ಬಲ್ಬ್ ಎರಡೇ ಡಿಗ್ರಿ ಇಳಿದರೂ ಕಾಯಿಲ್ ಎಳೆದುಕೊಳ್ಳುವ ಶಾಖ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. 8 ಹೋಗಿ 6 ಆಯಿತು. ಕ್ಯಾಟಲಾಗ್ ಅಂಕಿ ಡಕ್ಟ್ ಇಲ್ಲದೆ, ಸೊನ್ನೆ ಪಾಸ್ಕಲ್‌ನಲ್ಲಿ ಕೊಟ್ಟಿದ್ದರೆ 30 ಪಾಸ್ಕಲ್ ತಡೆ ಬಂದಾಗ ಗಾಳಿ ಇಳಿಯುತ್ತದೆ. 1500 ಇದ್ದದ್ದು 1300ಕ್ಕೆ ಬಂದಿತು ಎನ್ನಿ, ಸಾಮರ್ಥ್ಯ 5.4ರ ಹತ್ತಿರಕ್ಕೆ ಬರುತ್ತದೆ.

ಇನ್ನೊಂದು ಇಳಿಕೆ ನಮ್ಮ ಊರಿನದೇ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇಕಡಾ 10ರಷ್ಟು ಹಗುರ. ಘನ ಮೀಟರಿಗೆ 1.2 ಕೆಜಿ ತೂಗಬೇಕಾದದ್ದು 1.08ರ ಆಸುಪಾಸಿಗೆ ಬರುತ್ತದೆ. ಫ್ಯಾನ್ ಅಷ್ಟೇ ಘನ ಮೀಟರ್ ತಳ್ಳುತ್ತದೆ, ಆದರೆ ಅದರಲ್ಲಿ ಹೋಗುವ ಗಾಳಿಯ ತೂಕ ಕಡಿಮೆ. ತೂಕ ಕಡಿಮೆಯಾದರೆ ಹೊರುವ ಶಾಖವೂ ಕಡಿಮೆ. ಒಟ್ಟು ಸಾಮರ್ಥ್ಯಕ್ಕಿಂತ ಸೆನ್ಸಿಬಲ್‌ಗೆ ಇದರ ಪೆಟ್ಟು ಜಾಸ್ತಿ. ಸೆನ್ಸಿಬಲ್ ಲೆಕ್ಕ ಕೈಯಲ್ಲೇ ಮಾಡಬಹುದು:

```
ಸೆನ್ಸಿಬಲ್ kW = m³/s × ಸಾಂದ್ರತೆ × 1.006 × ತಾಪ ವ್ಯತ್ಯಾಸ
ಸಮುದ್ರ ಮಟ್ಟ : 0.361 × 1.20 × 1.006 × 10.5 = 4.6
ಬೆಂಗಳೂರು    : 0.361 × 1.08 × 1.006 × 10.5 = 4.1
```

ಗಂಟೆಗೆ 1300 ಘನ ಮೀಟರ್ ಎಂದರೆ ಸೆಕೆಂಡಿಗೆ 0.361. 1.006 ಎಂದರೆ ಗಾಳಿಯ ವಿಶಿಷ್ಟ ಶಾಖ. ಗಾಳಿ 24 ಡಿಗ್ರಿಯಿಂದ 13.5ಕ್ಕೆ ಇಳಿಯುತ್ತದೆ ಎಂದು 10.5 ಹಿಡಿದಿದ್ದೇನೆ. ಅರ್ಧ ಕಿಲೋವ್ಯಾಟ್ ಎತ್ತರದಿಂದಲೇ ಹೋಯಿತು. ಮಂಗಳೂರಿನ ಪ್ರಾಜೆಕ್ಟಿಗೆ ಮಾಡಿದ ಸೆಲೆಕ್ಷನ್ ಶೀಟನ್ನು ಬೆಂಗಳೂರಿಗೆ ಹೆಸರು ಬದಲಿಸಿ ಕಳಿಸಿದರೆ ಈ ಅರ್ಧ ಕಿಲೋವ್ಯಾಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಸಪ್ಲೈಯರ್‌ಗೆ ಬರೆಯುವಾಗ "ಎತ್ತರ 920 ಮೀಟರ್ ಹಾಕಿ ಸಾಫ್ಟ್‌ವೇರ್ ಪ್ರಿಂಟ್ ಕೊಡಿ" ಎಂದು ಬಾಯಿಬಿಟ್ಟು ಕೇಳಿ. ಪ್ರಿಂಟ್ ಬಂದ ಮೇಲೆ ಎತ್ತರದ ಕಾಲಮ್‌ನಲ್ಲಿ ಸೊನ್ನೆ ಇದೆಯಾ ಎಂದು ನೋಡಿ.

ಇಷ್ಟೆಲ್ಲ ಆದ ಮೇಲೆ ಆ ಮಾಡೆಲ್ ಹೈ ಸ್ಪೀಡ್‌ನಲ್ಲಿ ಒಟ್ಟು 5.0, ಸೆನ್ಸಿಬಲ್ 4.0 ಕೊಡುತ್ತದೆ ಎನ್ನೋಣ. ಬೇಕಾದದ್ದು ಸಿಕ್ಕಿತು. ಆದರೆ ಷೆಡ್ಯೂಲ್ ಕೇಳಿದ್ದು ಮೀಡಿಯಂ. ಮೀಡಿಯಂನಲ್ಲಿ ಸೆನ್ಸಿಬಲ್ 3.4ಕ್ಕೆ ಇಳಿಯುತ್ತದೆ. 3.9 ಬೇಕಿದ್ದ ಜಾಗದಲ್ಲಿ ಇದು ಫೇಲ್.

ಇಲ್ಲಿ ಬೆಲೆ ಕೆಡುತ್ತದೆಂದು ಸುಮ್ನೆ ಹೈ ಸ್ಪೀಡ್ ಪ್ರಿಂಟನ್ನೇ ಲಗತ್ತಿಸುವ ಆಸೆ ಬರುತ್ತದೆ. ಬೇಡ. ಕನ್ಸಲ್ಟೆಂಟ್ ಹಿಡಿದರೆ ಪತ್ರ ಸತ್ತಂತೆ. ಹಿಡಿಯದೆ ಹೋದರೆ ಏಪ್ರಿಲ್‌ನಲ್ಲಿ ಪಶ್ಚಿಮದ ಕಡೆ ಕೂತವರು ಸೆಖೆಯೆಂದು ದೂರು ಕೊಡುತ್ತಾರೆ, ಫ್ಯಾನ್ ಹೈಗೆ ಹಾಕಿದರೆ ಶಬ್ದವೆಂದು ದೂರು ಕೊಡುತ್ತಾರೆ. ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಇಸಿ ಮೋಟಾರ್ ಇರುವುದರಿಂದ ಅದನ್ನು 10 ವೋಲ್ಟ್‌ನ ಬದಲು 6.5 ವೋಲ್ಟ್ ಸಿಗ್ನಲ್‌ನಲ್ಲಿ ಓಡಿಸಿದರೆ ಸಾಕು, ಅದೇ 1300 ಘನ ಮೀಟರ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಆಗ ಒಟ್ಟು 5.1, ಸೆನ್ಸಿಬಲ್ 4.1 ಬರುತ್ತದೆ. ಬೆಲೆ ಯೂನಿಟ್ಟಿಗೆ 4,000 ರೂಪಾಯಿ ಏರಿತು. ಪ್ರಸ್ತಾವ ಮಾತ್ರ ಗಟ್ಟಿಯಾಯಿತು.

ಒಂದು ಎಚ್ಚರಿಕೆ. ಈ ಅಂಕಿಗಳು ಷೆಡ್ಯೂಲ್‌ನಲ್ಲಿರುವ ನೀರಿನ ಹರಿವಿನಲ್ಲೇ ಬರಬೇಕು. 4.8 ಕಿಲೋವ್ಯಾಟನ್ನು ನೀರಿನ ವಿಶಿಷ್ಟ ಶಾಖ 4.19 ಮತ್ತು ತಾಪ ವ್ಯತ್ಯಾಸ 5ರ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ 0.23 ಲೀಟರ್. ಕೆಲವು ಪ್ರಿಂಟ್‌ಗಳಲ್ಲಿ ಹರಿವನ್ನು ಮೆಲ್ಲಗೆ 0.30ಕ್ಕೆ ಏರಿಸಿ ಸಾಮರ್ಥ್ಯ ತೋರಿಸಿರುತ್ತಾರೆ. ಒಂದು ಯೂನಿಟ್‌ನಲ್ಲಿ ಅದು ಏನೂ ಅಲ್ಲ. 120 ಯೂನಿಟ್‌ಗೆ ಸೆಕೆಂಡಿಗೆ 8.4 ಲೀಟರ್ ಹೆಚ್ಚು ನೀರು ಬೇಕಾಗುತ್ತದೆ. ಪಂಪ್, ಪೈಪ್, ವಾಲ್ವ್ ಎಲ್ಲ ಮತ್ತೆ ಲೆಕ್ಕ ಮಾಡಬೇಕು.

ಸಾಕ್ಷ್ಯ ಎಂದರೆ ಯಾವ ಕಾಗದ?

ಕ್ಯಾಟಲಾಗ್ ಸಾಕ್ಷ್ಯವಲ್ಲ. ಪ್ರಾಜೆಕ್ಟ್ ಸ್ಥಿತಿಯ ಸಾಫ್ಟ್‌ವೇರ್ ಪ್ರಿಂಟ್ ಸಾಕ್ಷ್ಯದ ಅರ್ಧ. ಆ ಸಾಫ್ಟ್‌ವೇರನ್ನು ಏಕೆ ನಂಬಬೇಕು ಎನ್ನುವುದು ಉಳಿದರ್ಧ. ಅದಕ್ಕೆ ಮೂರನೆಯವರ ಸರ್ಟಿಫಿಕೇಟ್ ಅಥವಾ ಲ್ಯಾಬ್ ಟೆಸ್ಟ್ ರಿಪೋರ್ಟ್ ಬೇಕು.

ಸರ್ಟಿಫಿಕೇಟ್ ಕೊಟ್ಟರೆ ಅದರ ಪಿಡಿಎಫ್ ನೋಡಿ ಸುಮ್ಮನಾಗಬೇಡಿ. ಯೂರೋವೆಂಟ್, ಎಎಚ್‌ಆರ್‌ಐ ಎರಡಕ್ಕೂ ಆನ್‌ಲೈನ್ ಡೈರೆಕ್ಟರಿ ಇದೆ. ಮಾಡೆಲ್ ಕೋಡ್ ಹಾಕಿ ಹುಡುಕಿ. ಕೋಡ್‌ನ ಪ್ರತಿ ಅಕ್ಷರವನ್ನೂ ಕೋಟೇಶನ್ ಜೊತೆ ಹೊಂದಿಸಿ ನೋಡಿ, ಏಕೆಂದರೆ ಮೂರು ಸಾಲಿನ ಕಾಯಿಲ್‌ಗೂ ನಾಲ್ಕು ಸಾಲಿನದಕ್ಕೂ, ಎಸಿ ಮೋಟಾರಿಗೂ ಇಸಿ ಮೋಟಾರಿಗೂ ಒಂದೇ ಅಕ್ಷರದ ವ್ಯತ್ಯಾಸ ಇರುತ್ತದೆ. ಡಕ್ಟ್ ಇಲ್ಲದ ಯೂನಿಟ್‌ನ ಸರ್ಟಿಫಿಕೇಟ್ ಡಕ್ಟ್ ಇರುವ ಯೂನಿಟ್‌ಗೆ ನಡೆಯುವುದಿಲ್ಲ.

ಲ್ಯಾಬ್ ರಿಪೋರ್ಟ್ ಆದರೆ ಅದು 27/19 ಸ್ಥಿತಿಯದೇ ಇರುತ್ತದೆ, ನಮ್ಮ 24/17ರದ್ದು ಸಿಗುವುದು ಅಪರೂಪ. ಚಿಂತೆಯಿಲ್ಲ. ಸಪ್ಲೈಯರ್‌ಗೆ ಹೇಳಿ, ಟೆಸ್ಟ್ ನಡೆದ ಸ್ಥಿತಿಯನ್ನೇ ಸಾಫ್ಟ್‌ವೇರ್‌ಗೆ ಹಾಕಿಸಿ, ಒಂದು ಪ್ರಿಂಟ್ ತೆಗೆಸಿ. ಟೆಸ್ಟ್‌ನಲ್ಲಿ ಬಂದ ಅಂಕಿಗೂ ಸಾಫ್ಟ್‌ವೇರ್ ಹೇಳಿದ ಅಂಕಿಗೂ ಹೊಂದಿಕೆಯಾದರೆ ನಮ್ಮ ಸ್ಥಿತಿಯ ಪ್ರಿಂಟನ್ನೂ ನಂಬಬಹುದು. ಈ ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಕನ್ಸಲ್ಟೆಂಟ್‌ಗೆ ಬೇರೆ ವಾದವೇ ಬೇಕಾಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಸ್ತಾವದಲ್ಲಿ ಅತ್ಯಂತ ಬೆಲೆ ಬಾಳುವ ಲಗತ್ತು ಇದೇ.

ರಿಪೋರ್ಟ್ ಒಳಗೇ ಒಂದು ಪರೀಕ್ಷೆ ಮಾಡಬಹುದು. ಕಾಯಿಲ್‌ನಲ್ಲಿ ಗಾಳಿ ಕಳೆದುಕೊಂಡ ಶಾಖ ನೀರಿಗೆ ಹೋಗಿರಲೇಬೇಕು. ರಿಪೋರ್ಟ್‌ನಲ್ಲಿ ನೀರಿನ ಹರಿವು ಸೆಕೆಂಡಿಗೆ 0.46 ಲೀಟರ್, ತಾಪ 7.0ರಿಂದ 12.0 ಎಂದಿದ್ದರೆ 0.46 × 4.19 × 5 = 9.6 ಕಿಲೋವ್ಯಾಟ್. ಗಾಳಿಯ ಕಡೆಯಿಂದ ಲೆಕ್ಕ ಹಾಕಿದ್ದು 9.35 ಇದ್ದರೆ ವ್ಯತ್ಯಾಸ ಶೇಕಡಾ 3ಕ್ಕೂ ಕಡಿಮೆ. ಸರಿ. ಇದು ಶೇಕಡಾ 5 ದಾಟಿದರೆ ನಾನು ಸಪ್ಲೈಯರ್‌ಗೆ ವಿವರಣೆ ಕೇಳುತ್ತೇನೆ. ಗಾಳಿಯ ಕಡೆಯ ಅಂಕಿ ಮಾತ್ರ ಕೊಟ್ಟು ನೀರಿನದ್ದು ಬಿಟ್ಟಿದ್ದರೆ ಆ ರಿಪೋರ್ಟನ್ನು ಪತ್ರದ ಜೊತೆ ಇಡುವುದೇ ಇಲ್ಲ.

ಶಬ್ದದ ಅಂಕಿಯಲ್ಲಿ ಇನ್ನೊಂದು ಬಗೆಯ ಗೊಂದಲ. ಒಬ್ಬರು ಯೂನಿಟ್ ಹೊರಡಿಸುವ ಸೌಂಡ್ ಪವರ್ ಕೊಡುತ್ತಾರೆ, ಇನ್ನೊಬ್ಬರು ಕಿವಿಗೆ ತಲುಪುವ ಸೌಂಡ್ ಪ್ರೆಷರ್. ಮೂಲ ಮೇಕ್ 44 ಡೆಸಿಬಲ್ ಸೌಂಡ್ ಪವರ್, ನಿಮ್ಮದು 38 ಡೆಸಿಬಲ್ ಸೌಂಡ್ ಪ್ರೆಷರ್ ಎಂದಿದ್ದರೆ ನಿಮ್ಮದು ನಿಶ್ಶಬ್ದ ಎಂದು ಬರೆಯಬೇಡಿ. ಸಾಮಾನ್ಯ ಕೋಣೆಯಲ್ಲಿ ಸೌಂಡ್ ಪವರ್ ಅಂಕಿ 8ರಿಂದ 10 ಡೆಸಿಬಲ್ ಹೆಚ್ಚು ಎಂದು ಹಿಡಿಯುವುದು ರೂಢಿ. ಹಾಗೆ ನೋಡಿದರೆ ನಿಮ್ಮದೇ ಜೋರು. ಎರಡೂ ಮೇಕ್‌ಗೆ ಸೌಂಡ್ ಪವರನ್ನೇ, ಆಕ್ಟೇವ್ ಬ್ಯಾಂಡ್ ಪ್ರಕಾರ, 30 ಪಾಸ್ಕಲ್‌ನಲ್ಲಿ, ಓಡಿಸುವ ಸ್ಪೀಡ್‌ನಲ್ಲೇ ಕೇಳಿ. ಡಕ್ಟ್ ಕಡೆಯ ಶಬ್ದ ಬೇರೆ, ಯೂನಿಟ್‌ನ ಮೈಯಿಂದ ಮತ್ತು ರಿಟರ್ನ್ ಬಾಯಿಯಿಂದ ಬರುವುದು ಬೇರೆ. ಕೂತವರ ತಲೆ ಮೇಲೆ ಕೇಳಿಸುವುದು ಎರಡನೆಯದು.

ಉಳಿತಾಯವನ್ನು ನಿವ್ವಳ ತೋರಿಸಿ

ಮೂಲ ಯೂನಿಟ್ 54,000 ರೂಪಾಯಿ, ನಿಮ್ಮದು ದೊಡ್ಡ ಸೈಜ್ ಮಾಡಿದ ಮೇಲೆ 44,000. 120 ಯೂನಿಟ್‌ಗೆ 12 ಲಕ್ಷ. ಅಲ್ಲಿಗೇ ನಿಲ್ಲಿಸಿದರೆ ತಪ್ಪಾಗುತ್ತದೆ. ಇಸಿ ಮೋಟಾರ್‌ಗೆ ಮೂರು ಸ್ಪೀಡ್ ಥರ್ಮೋಸ್ಟಾಟ್ ಆಗುವುದಿಲ್ಲ, 0–10 ವೋಲ್ಟ್‌ದು ಬೇಕು. ಅದಕ್ಕೆ ಯೂನಿಟ್ಟಿಗೆ 1,500 ಹೆಚ್ಚು, ಅಂದರೆ 1.8 ಲಕ್ಷ. ಸಿಗ್ನಲ್ ಕೇಬಲ್ 60 ಸಾವಿರ. ಡ್ರಾಯಿಂಗ್ ತಿದ್ದುವುದು, ಕ್ಲೈಂಟ್ ಎದುರು ಫ್ಯಾಕ್ಟರಿ ಟೆಸ್ಟ್ ಇವಕ್ಕೆ 1.2 ಲಕ್ಷ. ಕಳೆದರೆ ಉಳಿಯುವುದು 8.4 ಲಕ್ಷ. ಪತ್ರದಲ್ಲಿ ಬರೆಯಬೇಕಾದದ್ದು ಈ ಅಂಕಿ.

ಕರೆಂಟ್ ಉಳಿತಾಯ ಬೇರೆ ಸಾಲಿನಲ್ಲಿರಲಿ, ಬಂಡವಾಳದ ಜೊತೆ ಕೂಡಿಸಬೇಡಿ. ಮೂಲ ಮೋಟಾರ್ 105 ವ್ಯಾಟ್, ಹೊಸದು 50 ವ್ಯಾಟ್ ಎಂದರೆ ಯೂನಿಟ್ಟಿಗೆ 55 ವ್ಯಾಟ್, 120ಕ್ಕೆ 6.6 ಕಿಲೋವ್ಯಾಟ್. ವರ್ಷಕ್ಕೆ 2,800 ಗಂಟೆ ಓಡಿದರೆ ಸುಮಾರು 18,500 ಯೂನಿಟ್ ಕರೆಂಟ್. ಯೂನಿಟ್ ದರವನ್ನು ಕ್ಲೈಂಟ್‌ನ ಸ್ವಂತ ಬಿಲ್ಲಿನಿಂದ ತೆಗೆದು ಗುಣಿಸಿ. 8 ರೂಪಾಯಿ ಇದ್ದರೆ ವರ್ಷಕ್ಕೆ 1.48 ಲಕ್ಷ ಆಗುತ್ತದೆ. ವ್ಯಾಟ್ ಅಂಕಿಯನ್ನೂ ಇಬ್ಬರದ್ದೂ 30 ಪಾಸ್ಕಲ್‌ನಲ್ಲೇ ತೆಗೆದುಕೊಳ್ಳಿ, ಮೋಟಾರ್‌ನ ನೇಮ್‌ಪ್ಲೇಟ್‌ನಿಂದಲ್ಲ.

ಉಳಿದ ಹಣ ಯಾರದು ಎನ್ನುವುದನ್ನು ಕಾಂಟ್ರ್ಯಾಕ್ಟ್ ನೋಡಿ ಬರೆಯಿರಿ. ಅಂತಾರಾಷ್ಟ್ರೀಯ ಮಾದರಿ ಕಾಂಟ್ರ್ಯಾಕ್ಟ್ ಆದ ಫಿಡಿಕ್ ರೆಡ್ ಬುಕ್‌ನ 1999ರ ಆವೃತ್ತಿಯಲ್ಲಿ ಇದು 13.2ನೇ ಕಲಮು. ಪ್ರಸ್ತಾವ ತಯಾರಿಸುವ ಖರ್ಚು ಕಾಂಟ್ರ್ಯಾಕ್ಟರ್‌ನದೇ. ಒಪ್ಪಿಗೆಯಾದ ಬದಲಾವಣೆಯಲ್ಲಿ ಡಿಸೈನ್ ಬದಲಾಗುತ್ತಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ಆ ಭಾಗದ ಡಿಸೈನ್ ಹೊಣೆಯೂ ಅವನದೇ. ಕಾಂಟ್ರ್ಯಾಕ್ಟ್ ಬೆಲೆಯಲ್ಲಿ ಇಳಿದ ಮೊತ್ತದಿಂದ ಕ್ಲೈಂಟಿಗೆ ಕೆಲಸದ ಗುಣಮಟ್ಟ, ಬಾಳಿಕೆ ಅಥವಾ ದಕ್ಷತೆಯಲ್ಲಿ ಆದ ನಷ್ಟವನ್ನು ಕಳೆದು, ಉಳಿದದ್ದರ ಅರ್ಧ ಅವನಿಗೆ ಫೀ. ಉತ್ತರ ಬರುವವರೆಗೆ ಕೆಲಸ ನಿಲ್ಲಿಸುವಂತಿಲ್ಲ. 2017ರ ಆವೃತ್ತಿಯಲ್ಲಿ ಹಂಚಿಕೆಯನ್ನು ಆಯಾ ಕಾಂಟ್ರ್ಯಾಕ್ಟ್‌ನ ವಿಶೇಷ ಷರತ್ತುಗಳಿಗೆ ಬಿಟ್ಟಿದ್ದಾರೆ. ನಿಮ್ಮದು ಖಾಸಗಿ ಕಾಂಟ್ರ್ಯಾಕ್ಟ್ ಆಗಿದ್ದು ಇಂಥ ಕಲಮೇ ಇಲ್ಲದಿದ್ದರೆ ಹಂಚಿಕೆಯನ್ನು ಪತ್ರದಲ್ಲೇ ಪ್ರಸ್ತಾಪಿಸಿ.

ಈಗ ಪತ್ರ

ಈ ಪತ್ರಗಳು ನಮ್ಮಲ್ಲಿ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಹೋಗುತ್ತವೆ. ಮಾತಿನ ಕ್ರಮ ಮಾತ್ರ ಯಾವ ಭಾಷೆಯಲ್ಲಾದರೂ ಇದೇ. ಕ್ಲೈಂಟಿಗೆ ಬರೆಯಿರಿ, ಪ್ರಾಜೆಕ್ಟ್ ನೋಡಿಕೊಳ್ಳುವ ಪಿಎಂಸಿ ಮತ್ತು ಎಂಇಪಿ ಕನ್ಸಲ್ಟೆಂಟ್‌ಗೆ ಪ್ರತಿ ಹಾಕಿ. ಪತ್ರ ಒಂದೂವರೆ ಪುಟ ದಾಟದಿರಲಿ.

> ವಿಷಯ: ಫ್ಯಾನ್ ಕಾಯಿಲ್ ಯೂನಿಟ್‌ಗಳಿಗೆ ವ್ಯಾಲ್ಯೂ ಇಂಜಿನಿಯರಿಂಗ್ ಪ್ರಸ್ತಾವ – 120 ಯೂನಿಟ್
>
> ಮಾನ್ಯರೇ,
>
> ಷೆಡ್ಯೂಲ್‌ನಲ್ಲಿ ಸೂಚಿಸಿರುವ ಯೂನಿಟ್‌ಗಳ ಬದಲು ಇಸಿ ಮೋಟಾರ್ ಇರುವ ಯೂನಿಟ್‌ಗಳನ್ನು ಅಳವಡಿಸಲು ನಿಮ್ಮ ಒಪ್ಪಿಗೆ ಕೋರುತ್ತೇವೆ. ಇದರಿಂದ ನಿವ್ವಳ 8.4 ಲಕ್ಷ ರೂಪಾಯಿ ಉಳಿಯುತ್ತದೆ. ನಿರ್ಧಾರ ಈ ತಿಂಗಳ 25ರೊಳಗೆ ತಿಳಿಸಬೇಕಾಗಿ ವಿನಂತಿ.
>
> ಷೆಡ್ಯೂಲ್‌ನ ಸ್ಥಿತಿಯಲ್ಲಿ, ಬೆಂಗಳೂರಿನ ಎತ್ತರಕ್ಕೆ, ಸೆಕೆಂಡಿಗೆ 0.23 ಲೀಟರ್ ಹರಿವಿನಲ್ಲಿ, 6.5 ವೋಲ್ಟ್‌ನಲ್ಲಿ ಪ್ರಸ್ತಾವಿತ ಯೂನಿಟ್ ಒಟ್ಟು 5.1 ಮತ್ತು ಸೆನ್ಸಿಬಲ್ 4.1 ಕಿಲೋವ್ಯಾಟ್ ಕೊಡುತ್ತದೆ. ಬೇಕಿರುವುದು 4.8 ಮತ್ತು 3.9. ಸೆಲೆಕ್ಷನ್ ಪ್ರಿಂಟ್ ಲಗತ್ತು 1ರಲ್ಲಿದೆ. ಲ್ಯಾಬ್ ಟೆಸ್ಟ್ ಮತ್ತು ಅದೇ ಸ್ಥಿತಿಯ ಸಾಫ್ಟ್‌ವೇರ್ ಪ್ರಿಂಟ್ ಲಗತ್ತು 2ರಲ್ಲಿವೆ. ಶಬ್ದದ ಹೋಲಿಕೆ ಲಗತ್ತು 3ರಲ್ಲಿದೆ.
>
> ಮೂಲ ಯೂನಿಟ್‌ಗಿಂತ ಭಿನ್ನವಾಗಿರುವುದು: ಉದ್ದ 150 ಮಿಮೀ ಹೆಚ್ಚು, ಥರ್ಮೋಸ್ಟಾಟ್ 0–10 ವೋಲ್ಟ್, ಮೋಟಾರ್ ಬೋರ್ಡ್ ಕೆಟ್ಟರೆ ಮೋಟಾರ್ ಸಮೇತ ಬದಲಿಸಬೇಕು. ಅದಕ್ಕಾಗಿ 4 ಮೋಟಾರ್‌ಗಳನ್ನು ಹೆಚ್ಚುವರಿ ವೆಚ್ಚವಿಲ್ಲದೆ ಸೈಟ್‌ನಲ್ಲಿ ಇಡುತ್ತೇವೆ. ತಿದ್ದಿದ ಸೀಲಿಂಗ್ ಡ್ರಾಯಿಂಗ್ ಲಗತ್ತು 4ರಲ್ಲಿದೆ.
>
> ಒಂದು ಯೂನಿಟ್‌ಗೆ ನಿಮ್ಮ ಎದುರು ಫ್ಯಾಕ್ಟರಿ ಟೆಸ್ಟ್ ಮಾಡುತ್ತೇವೆ. ಮೇಲಿನ ಸಾಮರ್ಥ್ಯ ಬಾರದಿದ್ದರೆ ಮೂಲ ಯೂನಿಟ್‌ಗಳನ್ನೇ ಮೂಲ ಬೆಲೆಗೆ ಕೊಡುತ್ತೇವೆ.
>
> 25ರೊಳಗೆ ಉತ್ತರ ಬಾರದಿದ್ದರೆ ಕೆಲಸದ ವೇಳಾಪಟ್ಟಿ ಕಾಯ್ದುಕೊಳ್ಳಲು ಮೂಲ ಯೂನಿಟ್‌ಗೆ ಆರ್ಡರ್ ಹಾಕುತ್ತೇವೆ.

ಮೂರನೇ ಪ್ಯಾರಾ ಗಮನಿಸಿ. ನಮ್ಮ ಯೂನಿಟ್ ಎಲ್ಲಿ ಹಿಂದೆ ಬೀಳುತ್ತದೆ ಎಂದು ನಾವೇ ಬರೆದಿದ್ದೇವೆ. ಇದನ್ನು ಅಳಿಸಿಬಿಡಿ ಎಂದು ಮಾರ್ಕೆಟಿಂಗ್‌ನವರು ಹೇಳಬಹುದು. ಅಳಿಸಬೇಡಿ. 150 ಮಿಮೀ ಉದ್ದ ಹೆಚ್ಚಿರುವುದು ಕನ್ಸಲ್ಟೆಂಟ್‌ಗೆ ಹೇಗೂ ಡ್ರಾಯಿಂಗ್‌ನಲ್ಲಿ ಕಾಣುತ್ತದೆ. ಅದನ್ನು ಅವರು ಹುಡುಕಿ ತೆಗೆದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ನಾವೇ ಹೇಳಿ ಪರಿಹಾರವನ್ನೂ ಕೊಟ್ಟರೆ ಅವರಿಗೆ ಸಹಿ ಹಾಕುವುದು ಸುಲಭ. ಕ್ಲೈಂಟ್ ಒಪ್ಪಿದ ಬದಲಾವಣೆ ಕೆಟ್ಟರೆ ಮೊದಲು ಬೈಸಿಕೊಳ್ಳುವವರು ಕನ್ಸಲ್ಟೆಂಟ್ ತಾನೇ?

ಫ್ಯಾಕ್ಟರಿ ಟೆಸ್ಟ್‌ನ ಮಾತು ಕೊಡುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಫ್ಯಾಕ್ಟರಿಯ ಟೆಸ್ಟ್ ಕೋಣೆ ಸಮುದ್ರ ಮಟ್ಟದ ಊರಲ್ಲಿದ್ದರೆ ಅಲ್ಲಿ ಬರುವ ಅಂಕಿ ಬೆಂಗಳೂರಿನದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಹಾಗಾಗಿ ಪಾಸಾಗಬೇಕಾದ ಅಂಕಿಯನ್ನು ಆ ಊರಿನ ಎತ್ತರಕ್ಕೆ ಸಾಫ್ಟ್‌ವೇರ್‌ನಲ್ಲಿ ಮೊದಲೇ ತೆಗೆದು, ಟೆಸ್ಟ್ ವಿಧಾನದ ಕಾಗದದಲ್ಲಿ ಬರೆದು, ಕನ್ಸಲ್ಟೆಂಟ್‌ನಿಂದ ಸಹಿ ಹಾಕಿಸಿ.

ಪತ್ರ ಕಳಿಸಲೇಬಾರದ ಸಂದರ್ಭವೂ ಇದೆ. ಹ್ಯಾಂಗರ್ ರಾಡ್, ಪೈಪ್ ಬಾಯಿ, ಡ್ರೇನ್ ಲೈನ್ ಎಲ್ಲ ಮೂಲ ಯೂನಿಟ್‌ನ ಅಳತೆಗೆ ಆಗಿಹೋಗಿದ್ದರೆ ಅದನ್ನು ಕಿತ್ತು ಸರಿಮಾಡುವ ಖರ್ಚು 8.4 ಲಕ್ಷವನ್ನು ನುಂಗಿಬಿಡಬಹುದು. ಆ ಖರ್ಚನ್ನೂ ನಿವ್ವಳ ಲೆಕ್ಕಕ್ಕೆ ಸೇರಿಸಿ ನೋಡಿ, ಆಮೇಲೆ ನಿರ್ಧರಿಸಿ. ಡ್ರೇನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೊಸ ಯೂನಿಟ್‌ನ ಡ್ರೇನ್ ಬಾಯಿ ಸ್ವಲ್ಪ ಕೆಳಗಿದ್ದರೂ ಪೈಪಿನ ಇಳಿಜಾರು ತಪ್ಪುತ್ತದೆ, ಮೊದಲ ಮಳೆಗಾಲದಲ್ಲೇ ಸೀಲಿಂಗ್ ಟೈಲ್ ಮೇಲೆ ಕಲೆ ಮೂಡುತ್ತದೆ.

ಒಪ್ಪಿಗೆ ಬಂದರೆ ಅದು ಮಾತಿನಲ್ಲಿ ಅಥವಾ ಮೀಟಿಂಗ್ ಮಿನಿಟ್ಸ್‌ನಲ್ಲಿ ಮಾತ್ರ ಇರಬಾರದು. ತಿದ್ದಿದ ಷೆಡ್ಯೂಲ್ ಬಿಡುಗಡೆಯಾಗಬೇಕು. ಪರ್ಚೇಸ್ ಆರ್ಡರ್‌ನಲ್ಲಿ ಸೆಲೆಕ್ಷನ್ ಪ್ರಿಂಟ್‌ನ ಪೂರ್ತಿ ಮಾಡೆಲ್ ಕೋಡ್, ಪೈಪ್ ಬರುವ ಕೈ ಎಡವೋ ಬಲವೋ ಎನ್ನುವುದು, ಥರ್ಮೋಸ್ಟಾಟ್‌ನಲ್ಲಿ ಗರಿಷ್ಠ ಸಿಗ್ನಲ್ 6.5 ವೋಲ್ಟ್‌ಗೆ ಸೆಟ್ ಆಗಿರಬೇಕು ಎನ್ನುವುದು ಮೂರೂ ಇರಲಿ. ಮೊದಲ ಲಾಟ್ ಸೈಟ್‌ಗೆ ಬಂದ ದಿನ ಒಂದು ಪೆಟ್ಟಿಗೆ ತೆಗೆದು, ನೇಮ್‌ಪ್ಲೇಟ್‌ನ ಕೋಡನ್ನು ಲಗತ್ತು 1ರ ಕೋಡ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಕಾಯಿಲ್‌ನ ಬದಿಯಲ್ಲಿ ಯು-ಬೆಂಡ್‌ಗಳನ್ನು ನೋಡಿದರೆ ಎಷ್ಟು ಸಾಲಿನ ಕಾಯಿಲ್ ಎಂದೂ ಅಲ್ಲೇ ಎಣಿಸಬಹುದು. ಹೊಂದಿಕೆಯಾಗದಿದ್ದರೆ ಲಾರಿ ಇನ್ನೂ ಗೇಟ್‌ನಲ್ಲಿರುವಾಗಲೇ ಹೇಳಿ.